ಬಾಬಮ್ಮನ ಮನೆ ಎಂಬ ಬೋರ್ಡು

ಹೆಸರಿಡುವುದು ಸುಲಭ ಎಂದುಕೊಂಡವರನ್ನು ಒಂದು ದಿನ ನನ್ನ ಅಂಗಡಿಯಲ್ಲಿ ಕೂರಿಸಬೇಕು. ನಾನು ಬೋರ್ಡು ಮಾಡುವವನು. ಮೊದಲು ಕುಂಚ ಹಿಡಿದು ತಗಡಿನ ಮೇಲೆ ಬರೆಯುತ್ತಿದ್ದೆ. ಈಗ ಅಕ್ಷರಗಳನ್ನು ಯಂತ್ರ ಕತ್ತರಿಸುತ್ತದೆ, ನಾನು ಅಂಟಿಸುತ್ತೇನೆ. ಜನ ಬಾಡಿಗೆ ಮಾತಾಡಿ, ಕಪಾಟು ಜೋಡಿಸಿ, ಬೀಗ ಕೊಂಡು, ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಹೆಸರು ನೀವೇ ಏನಾದ್ರೂ ಹೇಳಿ" ಅನ್ನುತ್ತಾರೆ. ಮಗು ಹುಟ್ಟಿದ ಮೇಲೆ ಗಂಡು ಹುಡುಕಿದ ಹಾಗೆ.

ಈ ಕಸುಬು ನನಗೆ ಕಲಿಸಿದ ಪಾಠ ಒಂದೇ. ಬದುಕಿರುವವರ ಹೆಸರನ್ನು ಬೋರ್ಡಿಗೆ ಹಾಕಬಾರದು. ಮಗನ ಹೆಸರಿಟ್ಟ ಬೇಕರಿಯಲ್ಲಿ ಅಪ್ಪ ಮಗ ಮಾತು ಬಿಟ್ಟರು, ಬೋರ್ಡು ಮಾತ್ರ ನಗುತ್ತ ನಿಂತಿತ್ತು. ಇಬ್ಬರು ಗೆಳೆಯರ ಹೆಸರು ಸೇರಿಸಿ ಗ್ಯಾರೇಜು ತೆರೆದರು, ಆಮೇಲೆ ಒಬ್ಬನ ಅರ್ಧ ಹೆಸರನ್ನು ಉಜ್ಜಿ ತೆಗೆಯಲು ನನ್ನನ್ನೇ ಕರೆದರು. ಇದನ್ನು ಬಂದವರಿಗೆಲ್ಲ ಹೇಳುತ್ತೇನೆ. ನನ್ನ ಚಿಕ್ಕಮ್ಮನ ವಿಷಯದಲ್ಲೂ ಹೇಳಿದ್ದೆ. ಹಿತ್ತಲ ಗಿಡ ಮದ್ದಲ್ಲ, ಯಾರೂ ಕೇಳಲಿಲ್ಲ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮದುವೆಯಾಗಿ ಹೋದವಳು ಮಕ್ಕಳಾಗಲಿಲ್ಲ ಎಂದು ಮರಳಿ ಬಂದಳು. ಮರಳಿ ಬಂದಳು ಅನ್ನುವುದು ಮರ್ಯಾದೆಯ ಮಾತು. ಗಂಡನ ಮನೆಯವರು ಕಳಿಸಿಬಿಟ್ಟರು. ನಮ್ಮ ಮನೆಯ ಅಡುಗೆಮನೆ ಪಕ್ಕದ ಸಣ್ಣ ಕೋಣೆ ಅವಳದಾಯಿತು. ಸುಮ್ಮನೆ ಕೂತು ತಿನ್ನುವ ಜೀವವಲ್ಲ ಅದು. ಎರಡು ಬೀದಿ ಆಚೆ ಶಾಲೆಯ ಟೀಚರೊಬ್ಬರಿಗೆ ಹೆರಿಗೆಯಾಗಿತ್ತು, ರಜೆ ಮುಗಿದಿತ್ತು, ಮಗುವನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಚಿಕ್ಕಮ್ಮ ಹೋದಳು. ಮಾರನೆಯ ತಿಂಗಳು ಅದೇ ಶಾಲೆಯ ಇನ್ನೊಬ್ಬ ಟೀಚರ್ ತನ್ನ ಮಗನನ್ನೂ ತಂದು ಬಿಟ್ಟರು. ಆಮೇಲೆ ಆಸ್ಪತ್ರೆಯ ನರ್ಸ್, ಆಮೇಲೆ ಅಂಚೆ ಕಚೇರಿಯವರು. ಟೀಚರ್ ಮನೆಯ ಮುಂದಿನ ಕೋಣೆ ತೊಟ್ಟಿಲು, ಚಾಪೆ, ಬಕೆಟ್ಟುಗಳಿಂದ ತುಂಬಿ, ಕೊನೆಗೆ ಟೀಚರ್ ಶಾಲೆಯ ಕೆಲಸ ಬಿಟ್ಟು ಇದನ್ನೇ ಹಿಡಿದರು. ಬಹಳ ವರ್ಷ ಅದಕ್ಕೆ ಹೆಸರೇ ಇರಲಿಲ್ಲ. ಗೇಟಿಗೆ ನಾನೇ ಬರೆದುಕೊಟ್ಟ ಒಂದು ಹಲಗೆ ತೂಗುತ್ತಿತ್ತು, 'ಇಲ್ಲಿ ಮಕ್ಕಳನ್ನು ನೋಡಿಕೊಳ್ಳಲಾಗುತ್ತದೆ' ಎಂದು.

ಬೆಳಗ್ಗೆ ಗೇಟಿನಲ್ಲಿ ಮಕ್ಕಳನ್ನು ಬರಮಾಡಿಕೊಳ್ಳುವುದು ಚಿಕ್ಕಮ್ಮನ ಕೆಲಸ. ಅದನ್ನು ನೋಡಬೇಕಿತ್ತು ನೀವು. ಬೇರೆ ಕಡೆ ಆಯಾಗಳು ಅಳುವ ಮಗುವನ್ನು ತಾಯಿಯ ಕಂಕುಳಿಂದ ಕಿತ್ತುಕೊಂಡು ಒಳಗೆ ಓಡುತ್ತಾರೆ, ತಾಯಿ ಕಣ್ಣೊರೆಸುತ್ತ ಬಸ್ಸಿಗೆ ಓಡುತ್ತಾಳೆ. ಚಿಕ್ಕಮ್ಮ ಯಾವತ್ತೂ ಕಿತ್ತುಕೊಳ್ಳಲಿಲ್ಲ. ನೆಲದ ಮೇಲೆ ಮಂಡಿಯೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಮುಖ ತಂದು, ಎರಡೂ ಕೈ ಬಿಚ್ಚಿ, "ಬಾ... ಬಾ..." ಎಂದು ಕಾಯುತ್ತಿದ್ದಳು. ಮಗು ತಾನಾಗಿ ಕಾಲಿಡಬೇಕು. ತಾಯಿಗೂ ಅವಳದ್ದು ಒಂದು ಕಟ್ಟಳೆ ಇತ್ತು. ಕದ್ದು ಹೋಗಬಾರದು, ಹೋಗಿ ಬರುತ್ತೇನೆ ಎಂದು ಮಗುವಿನ ಮುಖ ನೋಡಿ ಹೇಳಿಯೇ ಹೋಗಬೇಕು. "ಕದ್ದು ಹೋದ್ರೆ ನಾಳೆಯಿಂದ ನಿಮ್ಮನ್ನ ನಂಬಲ್ಲ ಅದು" ಎಂದು ದೊಡ್ಡ ದೊಡ್ಡ ಅಧಿಕಾರಿಗಳನ್ನೂ ಗದರುತ್ತಿದ್ದಳು. ಮಾತು ಬಾರದ ಕೂಸುಗಳು ಬಾ ಬಾ ಎನ್ನುವವಳನ್ನು ಏನೆಂದು ಕರೆಯಬೇಕು? ಬಾಬಮ್ಮ ಎಂದವು. ಅವಳ ನಿಜವಾದ ಹೆಸರು ಟೀಚರಿಗೂ ಮರೆತುಹೋಯಿತು.

ಹೆಸರಿನ ತಲೆನೋವು ಶುರುವಾಗಿದ್ದು ಹೊಸ ಕಾನೂನಿನಿಂದ. ಮಕ್ಕಳನ್ನು ಇಟ್ಟುಕೊಳ್ಳುವ ಜಾಗಗಳೆಲ್ಲ ನೋಂದಣಿಯಾಗಬೇಕು, ಹೆಸರಿರಬೇಕು, ಕ್ಯಾಮೆರಾ ಇರಬೇಕು, ಇಷ್ಟು ಮಕ್ಕಳಿಗೆ ಇಷ್ಟು ಜನ ಇರಬೇಕು ಎಂದಾಯಿತು. ಹಾಗಿದ್ದರೆ ಸರಿಯಾಗಿಯೇ ಮಾಡೋಣ ಎಂದು ಟೀಚರ್ ಆಫೀಸುಗಳ ಸಾಲಿನ ಹಿಂದೆ ಅಂಗಳವಿದ್ದ ಒಂದು ದೊಡ್ಡ ಮನೆ ಹಿಡಿದರು. ಕೆಳಗೆ ಕೂಸುಗಳು, ಮೇಲೆ ಶಾಲೆಗೆ ಹೋಗುವ ಮುಂಚಿನ ಪಾಠ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು.

"ಬೋರ್ಡಣ್ಣ, ಹೆಸರು ಸಿಗ್ತಿಲ್ಲ."

"ಸಿಗದೇ ಏನು? ಊರೆಲ್ಲ ಇದೆಯಲ್ಲ, ಪುಟಾಣಿ, ಚಿಣ್ಣರು, ಚಿಲಿಪಿಲಿ."

"ಎಲ್ಲಾ ಯಾರೋ ಇಟ್ಕೊಂಡಾಗಿದೆ. ನೋಂದಣಿ ಆಫೀಸಲ್ಲಿ ನೋಡಿದ್ರೆ ಗುಬ್ಬಿಗಳೇ ಒಂದು ಹಿಂಡು."

ಜೊತೆಗೆ ಒಬ್ಬ ಹೆಂಗಸು ಬಂದಿದ್ದರು. ಜಾಹೀರಾತು ಕಂಪನಿಯಲ್ಲಿ ಕೆಲಸ, ಅವರ ಮಗಳು ಚಿಕ್ಕಮ್ಮನ ಕೈಯಲ್ಲೇ ಬೆಳೆಯುತ್ತಿದ್ದಳು. ಸಾಬೂನಿಗೂ ಬಿಸ್ಕತ್ತಿಗೂ ಹೆಸರು ಹುಡುಕಿ ಕೊಡುವುದೇ ಅವರ ಉದ್ಯೋಗ. ಮನಸ್ಸಿನಲ್ಲೇ ಅವರಿಗೆ ಜಾಹೀರಾತಮ್ಮ ಎಂದು ಹೆಸರಿಟ್ಟೆ. ಮೊದಲು ನನಗೆ ಸ್ವಲ್ಪ ಅಸಡ್ಡೆಯೇ ಇತ್ತು. ಆದರೆ ಆಕೆ ಮಾತಾಡಿದ್ದು ತೂಕದ ಮಾತು.

"ಈ ಹೆಸರು ಎರಡು ಬಾಯಿಗೆ ಹೊಂದಬೇಕು ಸರ್. ಒಂದು ಆಫೀಸಲ್ಲಿ ಮೇಲಿನವರ ಎದುರು ಹೇಳೋ ಬಾಯಿ, ಇನ್ನೊಂದು ಹಾಲುಹಲ್ಲಿನ ಬಾಯಿ. ಮೀಟಿಂಗ್ ಮಧ್ಯೆ ಫೋನ್ ಬಂದಾಗ ಆ ಹೆಸರು ಕೇಳಿ ತಾಯಿ ಎದೆ ಧಸಕ್ ಅನ್ನಬಾರದು. ಮಗೂಗೆ ಬೆಳಗ್ಗೆ ಆ ಹೆಸರು ಹೇಳಿದ ತಕ್ಷಣ ಚಪ್ಪಲಿ ಹುಡುಕ್ಬೇಕು ಅನ್ನಿಸ್ಬೇಕು."

"ಸುರಕ್ಷಾ ಅಂತ ಇಟ್ರೆ ಆಯ್ತಲ್ಲ" ಎಂದೆ.

"ಅದೇ ಬೇಡ. ಸುರಕ್ಷೆ ಅಂತ ಬೋರ್ಡಲ್ಲಿ ಬರೆದ್ರೆ ಓದಿದವರಿಗೆ ಮೊದಲು ಹೊಳೆಯೋದು ಅಪಾಯ. ಬೀಗದ ಅಂಗಡಿ ಥರ ಇರುತ್ತೆ."

ಟೀಚರ್ 'ಅಮ್ಮನ ಮಡಿಲು' ಎಂದರು. ಅದಕ್ಕೂ ಆಕೆ ತಲೆಯಾಡಿಸಿದರು. "ಬೇಡಮ್ಮ. ಮಗೂನ ಬಿಟ್ಟು ಕೆಲಸಕ್ಕೆ ಹೋಗ್ತಾ ಇರೋಳಿಗೆ ಅಮ್ಮನ ಮಡಿಲು ಇಲ್ಲಿದೆ ಅಂತ ಗೇಟಲ್ಲೇ ಚುಚ್ಚಿದ ಹಾಗಾಗುತ್ತೆ. ನಾನೇ ಅತ್ಕೊಂಡು ಹೋಗ್ತೀನಿ." ಆಕೆ ನಗುತ್ತ ಹೇಳಿದರೂ ನಗು ಪೂರ್ತಿ ಆಗಲಿಲ್ಲ. ಟೀಚರ್ ಆ ಹೆಸರನ್ನು ಮತ್ತೆ ಎತ್ತಲಿಲ್ಲ.

ಮಕ್ಕಳ ಮುಂದೆಯೇ ಪರೀಕ್ಷೆ ಮಾಡುವುದೆಂದಾಯಿತು. ನಾನೂ ಹೋಗಿದ್ದೆ, ಅಳತೆ ತೆಗೆದುಕೊಳ್ಳುವ ನೆಪದಲ್ಲಿ. ಜಾಹೀರಾತಮ್ಮ ಚಾಪೆಯ ಮೇಲೆ ಕೂತು, ಕೈಗೆ ಬಟ್ಟೆಯ ಬೊಂಬೆ ಸಿಕ್ಕಿಸಿಕೊಂಡು, ಒಂದೊಂದೇ ಹೆಸರನ್ನು ಬೊಂಬೆಯ ಬಾಯಲ್ಲಿ ಹೇಳಿಸಿದರು. ಮಕ್ಕಳು ತಿರುಗಿ ಹೇಳಬೇಕು. 'ಪುಟ್ಟ ಹೆಜ್ಜೆ'ಗೆ ಒಬ್ಬ "ಎಜ್ಜೆ" ಎಂದ, ಅಷ್ಟೆ. 'ಕಾಮನಬಿಲ್ಲು' ಯಾರ ಬಾಯಲ್ಲೂ ತಿರುಗಲಿಲ್ಲ. 'ಚಂದಮಾಮನ ಅಂಗಳ' ಅಂದಾಗ ಒಂದು ಹುಡುಗಿ ಬೊಂಬೆಯ ಕಿವಿ ಕಚ್ಚಿದಳು. ಇಂಗ್ಲಿಷ್ ಹೆಸರುಗಳಿಗೆ ಅವು ಗೋಡೆ ನೋಡಿದವು. ಅಷ್ಟರಲ್ಲಿ ಚಿಕ್ಕಮ್ಮ ಹಾಲಿನ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ಕಂಡಳು. ಇಡೀ ಚಾಪೆಯೇ ಎದ್ದು ನಿಂತಿತು. "ಬಾಬಮ್ಮಾ!"

ಒಂದೂವರೆ ವರ್ಷದ ಮಗುವಿನ ಬಾಯಿಗೂ ಆಡಲು ಬರುವ ಅಕ್ಷರ ಅದು. ಜಾಹೀರಾತಮ್ಮ ಬೊಂಬೆ ಕೆಳಗಿಟ್ಟು ಟೀಚರ್ ಮುಖ ನೋಡಿದರು. ಟೀಚರ್ ಚಿಕ್ಕಮ್ಮನ ಮುಖ ನೋಡಿದರು. "ಬಾಬಮ್ಮನ ಮನೆ," ಎಂದರು ಟೀಚರ್. ತಂದೆತಾಯಿಯರಿಗೆ ಒಬ್ಬ ಹೆಂಗಸು ಕಾಣುತ್ತಾಳೆ, ಕಂಪನಿ ಕಾಣುವುದಿಲ್ಲ. ಮಕ್ಕಳಿಗೆ ಆಟ ಕಾಣುತ್ತದೆ. ಮೊಮ್ಮಗು ಎಲ್ಲಿ ಹೋಗುತ್ತದೆ ಎಂದು ಅತ್ತೆ ಕೇಳಿದರೆ ಸೊಸೆ ಹಿಂಜರಿಯದೆ ಹೇಳಬಹುದು.

"ಬೇಡ" ಎಂದೆ ನಾನು. "ಬದುಕಿರೋರ ಹೆಸರು ಬೇಡ ಟೀಚರ್. ನಾಳೆ ಚಿಕ್ಕಮ್ಮಂಗೆ ಕಾಲು ನೋವು ಬಂದು ಮನೇಲಿ ಕೂತ್ರೆ ಏನ್ಮಾಡ್ತೀರಿ? ಬೋರ್ಡಿಗೆ ರಜೆ ಕೊಡ್ತೀರಾ?"

"ನಿನ್ನ ಬಾಯಿಗಿಷ್ಟು!" ಎಂದು ಚಿಕ್ಕಮ್ಮ ನನ್ನನ್ನೇ ಗದರಿದಳು. "ನಂಗೇನಾಗಿದೆ? ಕಲ್ಲು ಗುಂಡಿನ ಹಾಗಿದ್ದೀನಿ."

ಇಬ್ಬರೂ ಮನೆಗೆ ಬಂದೆವು. ಮನೆ ಬಾಗಿಲಲ್ಲಿ ನನ್ನ ಅಂಗಿಯ ತೋಳು ಹಿಡಿದು, "ಮರಿ, ಅಕ್ಷರ ಎಷ್ಟು ದೊಡ್ಡದು ಮಾಡ್ತೀಯ?" ಎಂದಳು. ಗಂಡನ ಮನೆಯವರು ಹೆಸರು ಹಿಡಿದು ಕರೆಯದೆ ಬಂಜೆ ಎಂದೇ ಕರೆದಿದ್ದ ಹೆಂಗಸು ಅದು. ನಾನು ವಾದ ಅಲ್ಲಿಗೇ ಬಿಟ್ಟೆ.

ನನ್ನ ಬದುಕಿನ ಅತ್ಯುತ್ತಮ ಬೋರ್ಡು ಅದು, ಈಗಲೂ ಹೇಳುತ್ತೇನೆ. ಉಬ್ಬಿದ ಗುಂಡಗಿನ ಅಕ್ಷರಗಳು, ಕಿತ್ತಳೆ ಬಣ್ಣ, ಎಲ್ಲೂ ಚೂಪಾದ ಮೂಲೆ ಇಲ್ಲ. ರಸ್ತೆಯಿಂದ ಗಾಡಿಯಲ್ಲಿ ಹೋಗುವವರಿಗೆ ಕಾಣುವಂತೆ ಮೇಲೊಂದು. ಗೇಟಿನ ಪಕ್ಕದ ಗೋಡೆಯಲ್ಲಿ ಮಂಡಿಯ ಎತ್ತರಕ್ಕೆ ಇನ್ನೊಂದು ಚಿಕ್ಕದು, ಓದು ಬಾರದವರಿಗಾಗಿ, ಎರಡು ಬಿಚ್ಚಿದ ಕೈಗಳ ಚಿತ್ರದೊಂದಿಗೆ. ಮಕ್ಕಳು ದಿನಾ ಅದನ್ನು ಮುಟ್ಟಿ ಒಳಗೆ ಹೋಗುತ್ತಿದ್ದವು. ಆ ಕೈಗಳ ಬಣ್ಣ ಮೊದಲು ಸವೆದದ್ದು ಬೆರಳುಗಳ ತುದಿಯಲ್ಲಿ.

ಹೆಸರು ಹಿಡಿದುಬಿಟ್ಟಿತು. ಒಂದಿಬ್ಬರು ಯಾವುದೋ ಮಠದ ಬಾಬಾ ಎಂದುಕೊಂಡು ಬಂದು ಕೈ ಮುಗಿದದ್ದನ್ನು ಬಿಟ್ಟರೆ, ಬಂದವರೆಲ್ಲ ಗೇಟಿನಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ. "ಬಾಬಮ್ಮ ಯಾರು?" ನೀಲಿ ಏಪ್ರನ್ನಿನಲ್ಲಿ ಚಿಕ್ಕಮ್ಮ ಮುಂದೆ ಬರುತ್ತಿದ್ದಳು. ಅವಳ ಬಿಳಿ ಕೂದಲು, ದಪ್ಪ ಮುಂಗೈ ನೋಡುತ್ತಿದ್ದ ಹಾಗೆ ತಾಯಂದಿರ ಭುಜ ಇಳಿಯುತ್ತಿತ್ತು. ಕ್ಯಾಮೆರಾ ತೋರಿಸುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ಟೀಚರ್ ಹೇಳುತ್ತಿದ್ದರು. ಆ ಜಾಗವೆಲ್ಲ ನಿಂತದ್ದು ಒಬ್ಬ ಮುದುಕಿಯ ಮುಖದ ಮೇಲೆ. ನನಗೆ ಖುಷಿಯೂ ಇತ್ತು, ಹೆದರಿಕೆಯೂ ಇತ್ತು.

ಮೊದಮೊದಲು ಆದದ್ದನ್ನು ಯಾರೂ ಕಾಯಿಲೆ ಎಂದುಕೊಳ್ಳಲಿಲ್ಲ. ಮಗುವನ್ನು ಅದರ ಅಪ್ಪನ ಹೆಸರಿನಿಂದ ಕರೆದಳು. ಆ ಅಪ್ಪನೂ ಅವಳ ಕೈಯಲ್ಲೇ ಬೆಳೆದವನು. "ನೋಡಿ, ಇನ್ನೂ ನೆನಪಿಟ್ಕೊಂಡಿದ್ದಾರೆ" ಎಂದು ಅವನು ಹಿಗ್ಗಿದ. ಮನೆಯಲ್ಲಿ ನನ್ನ ಹೆಂಡತಿ ಮಾತ್ರ ಗಮನಿಸಿದಳು. "ಅತ್ತೆ ಒಲೆ ಮೇಲೆ ಖಾಲಿ ಪಾತ್ರೆ ಇಡ್ತಿದ್ದಾರೆ," ಎಂದಳು ಒಂದು ದಿನ. ಇನ್ನೊಂದು ದಿನ ಚಿಕ್ಕಮ್ಮ ನನ್ನ ಅಮ್ಮ ಎಲ್ಲಿ ಎಂದು ಕೇಳಿದಳು. ಅಮ್ಮ ತೀರಿಕೊಂಡು ಯುಗವಾಗಿತ್ತು. ವೈದ್ಯರು ನೆನಪು ಪರೀಕ್ಷಿಸಲು ಅವಳಿಂದ ಗಡಿಯಾರದ ಚಿತ್ರ ಬರೆಸಿ, ಹೊರಗೆ ಕೂರಿಸಿ, ನನ್ನನ್ನು ಒಳಗೆ ಕರೆದರು. ಇದು ಮೇಲಕ್ಕೆ ಹತ್ತುವ ಕಾಯಿಲೆ ಅಲ್ಲ, ಇಳಿಯುತ್ತಲೇ ಹೋಗುತ್ತದೆ, ಔಷಧ ಸ್ವಲ್ಪ ನಿಧಾನ ಮಾಡಬಹುದು ಎಂದರು.

ಟೀಚರಿಗೆ ಹೇಳಿದೆ. ಅವರು ಅತ್ತರು, ನಿಜವಾಗಿಯೂ ಅತ್ತರು. "ಒಳಗಿನ ಕೆಲಸ ಏನೂ ಕೊಡಲ್ಲ ಬೋರ್ಡಣ್ಣ. ಔಷಧ ಕೊಡೋದು, ಊಟ ಕೊಡೋದು, ಸ್ನಾನ ಯಾವುದೂ ಬೇಡ. ಗೇಟಲ್ಲಿ ಕೂತಿರ್ಲಿ, ಪಕ್ಕದಲ್ಲಿ ಇನ್ನೊಬ್ಬ ಹುಡುಗಿ ಇರ್ತಾಳೆ. ಬಂದವರು ಅವರನ್ನೇ ಕೇಳ್ತಾರೆ, ಏನ್ಮಾಡ್ಲಿ?" ಅತ್ತ ದರಿ, ಇತ್ತ ಪುಲಿ. ಕೆಲಸ ಬಿಡಿಸಿದರೆ ಚಿಕ್ಕಮ್ಮ ಅರ್ಧ ಸಾಯುತ್ತಾಳೆ ಎಂದು ನನಗೂ ಗೊತ್ತಿತ್ತು. ಒಪ್ಪಿದೆ. ಬೆಳಗ್ಗೆ ಏಪ್ರನ್ ಕಟ್ಟಿಕೊಂಡ ಕೂಡಲೇ ಅವಳು ಮೊದಲಿನ ಹಾಗೆಯೇ ಆಗುತ್ತಿದ್ದಳು, ಮಂಡಿಯೂರಿ "ಬಾ... ಬಾ..." ಎನ್ನುವಾಗ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಅದನ್ನು ನೋಡಿ ನಾವೆಲ್ಲ ಮೋಸ ಹೋದೆವು.

ಸಂಜೆ ಮಕ್ಕಳನ್ನು ಕಳಿಸುವುದಕ್ಕೆ ಅಲ್ಲೊಂದು ನಿಯಮವಿದೆ. ಒಂದೊಂದು ಮಗುವಿಗೂ ಯಾರು ಕರೆದೊಯ್ಯಬಹುದು ಎಂದು ಫೋಟೋ ಇರುವ ಕಾರ್ಡು. ಕಾರ್ಡು ತೋರಿಸಿ, ಮುಖ ತಾಳೆಯಾದರೆ ಮಾತ್ರ ಗೇಟು ತೆರೆಯುತ್ತದೆ. ಅಜ್ಜನೇ ಬಂದರೂ ಕಾರ್ಡಿಲ್ಲದಿದ್ದರೆ ತಾಯಿಗೆ ಫೋನು ಹೋಗುತ್ತದೆ. ಆ ವರ್ಷ ಒಬ್ಬ ಹುಡುಗಿಯ ತಂದೆತಾಯಿ ಬೇರೆಯಾಗಿದ್ದರು. ಮಗು ತಾಯಿಯ ಬಳಿ ಇರಬೇಕು, ತಂದೆ ಬಂದು ಕರೆದೊಯ್ಯುವಂತಿಲ್ಲ ಎಂದು ಕೋರ್ಟು ಹೇಳಿತ್ತು. ಟೀಚರ್ ಎಲ್ಲರಿಗೂ ತಿಳಿಸಿದ್ದರು. ಚಿಕ್ಕಮ್ಮನಿಗೆ ಅವತ್ತು ಬೆಳಗ್ಗೆಯೇ ಇನ್ನೊಮ್ಮೆ ತಿಳಿಸಿದ್ದರು.

ಆ ಸಂಜೆ ಗೇಟಿನ ಹುಡುಗಿ ವಾಂತಿ ಮಾಡಿಕೊಂಡ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಅಷ್ಟೇ ಹೊತ್ತು. ಆ ತಂದೆ ಬಂದು ಗೇಟಿನಲ್ಲಿ ನಿಂತ. ಅವನೂ ಬಹಳ ವರ್ಷದ ಹಿಂದೆ ಟೀಚರ್ ಮನೆಯ ಮುಂದಿನ ಕೋಣೆಯಲ್ಲಿ ಚಿಕ್ಕಮ್ಮನ ತೊಡೆಯ ಮೇಲೆ ಮಲಗಿದವನೇ. ಆಗ ತಲೆ ತುಂಬ ಗುಂಗುರು ಕೂದಲು, ಈಗ ಬೋಳು. "ಬಾಬಮ್ಮ, ನಾನು" ಎಂದನಂತೆ.

ಅವತ್ತು ಬೆಳಗ್ಗೆ ಹೇಳಿದ್ದನ್ನು ಮರೆತ ತಲೆ ಅವನನ್ನು ಮಾತ್ರ ಮರೆತಿರಲಿಲ್ಲ. "ಗುಂಗುರೂ! ಎಷ್ಟು ಹೊತ್ತು ಮಾಡ್ದೆ!" ಎಂದು ಅವನ ಕೆನ್ನೆ ಹಿಡಿದಳು. ಅವನು ಅತ್ತ. ಮಗಳನ್ನು ಕರೆದೊಯ್ಯಲು ಬಂದೆ ಎಂದ. ತನ್ನ ಮಡಿಲಲ್ಲಿ ಬೆಳೆದ ಕೂಸು ಅಳುತ್ತಿರುವಾಗ ಕಾರ್ಡು ಕೇಳುವುದು ಅವಳಿಂದ ಹೇಗಾದೀತು? ಒಳಗೆ ಹೋಗಿ, ಹುಡುಗಿಯ ಚೀಲ ಹುಡುಕಿ, ಚಪ್ಪಲಿ ಸರಿಯಾದ ಕಾಲಿಗೆ ಹಾಕಿ, ಕೈ ಹಿಡಿದು ತಂದು ಒಪ್ಪಿಸಿದಳು. ಆಮೇಲೆ ಕ್ಯಾಮೆರಾದಲ್ಲಿ ಎಲ್ಲ ನೋಡಿದೆವು. ಮಗು ಹೋಗುತ್ತ ಅವಳಿಗೆ ಕೈ ಬೀಸಿತು, ಅವಳೂ ಬೀಸಿದಳು.

ತಾಯಿ ಆಫೀಸಿನಿಂದ ಬಂದಾಗ ಮಗು ಇರಲಿಲ್ಲ. ಆ ಹೆಂಗಸಿನ ಕೂಗು ನನ್ನ ಅಂಗಡಿಯವರೆಗೂ ಕೇಳಿಸಲಿಲ್ಲ, ಆದರೆ ಕೇಳಿದವರು ಹೇಳಿದ್ದೇ ಸಾಕು. ಪೊಲೀಸರು ಬಂದರು. ಮಗು ಅಪ್ಪನ ಅಣ್ಣನ ಮನೆಯಲ್ಲಿ ಸಿಕ್ಕಿತು, ಟೀವಿ ನೋಡುತ್ತ ಬಿಸ್ಕತ್ತು ತಿನ್ನುತ್ತಿತ್ತು, ಒಂದು ಗೀರೂ ಆಗಿರಲಿಲ್ಲ. ಗೀರು ಆಗಿದ್ದು ಆ ತಾಯಿಗೆ. ಗೇಟಿನಲ್ಲಿ ನಿಂತು, ಚಿಕ್ಕಮ್ಮನಿಗೆ ಕೈಯೆತ್ತದೆ, ಬೈಯದೆ, ಬೋರ್ಡಿನ ಕಡೆ ತೋರಿಸಿ, "ಈ ಹೆಸರು ನೋಡಿ ನಂಬಿದ್ದೆ ನಾನು" ಎಂದರಂತೆ. ಚಿಕ್ಕಮ್ಮ ಆಕೆಯ ಬೆನ್ನು ಸವರಲು ಹೋದಳಂತೆ, ಯಾಕಮ್ಮ ಅಳ್ತೀಯ ಎಂದು.

ಅವತ್ತೇ ಚಿಕ್ಕಮ್ಮನ ಏಪ್ರನ್ ಬಿಚ್ಚಿಸಿದರು. ನಾನೇ ಕರೆದುಕೊಂಡು ಬಂದೆ. ಯಾರ ಮೇಲೆ ಸಿಟ್ಟು ಮಾಡಲಿ? ಟೀಚರ್ ಮೇಲೆ ಮಾಡಲು ನೋಡಿದೆ, ಆಗಲಿಲ್ಲ. ಆ ತಾಯಿಯ ಜಾಗದಲ್ಲಿ ನಿಂತು ನೋಡಿದರೆ ಬೋರ್ಡನ್ನು ಕಲ್ಲು ಹೊಡೆದು ಕೆಡವಬೇಕು ಅನ್ನಿಸುತ್ತಿತ್ತು.

ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಉಳಿದವರು ಉಳಿದರು, ಬೇರೆ ದಾರಿ ಇರಲಿಲ್ಲ. ಮಾರನೆಯ ದಿನ ಅವರೂ ಆಫೀಸಿಗೆ ಹೋಗಬೇಕಿತ್ತಲ್ಲ. ಒಂದು ವಾರದ ಮೇಲೆ ಟೀಚರೂ ಜಾಹೀರಾತಮ್ಮನೂ ನನ್ನ ಅಂಗಡಿಗೆ ಬಂದರು. ಅದೇ ಸ್ಟೂಲು. ಟೀಚರ್ ಸೊರಗಿದ್ದರು.

"ಬೋರ್ಡ್ ಇಳಿಸಿದ್ರೆ ಊರಿಗೆಲ್ಲ ತಪ್ಪು ಸಾರಿದ ಹಾಗೆ. ಇಟ್ಕೊಂಡ್ರೆ, ಬಂದವರು ಬಾಬಮ್ಮ ಎಲ್ಲಿ ಅಂತ ಕೇಳ್ತಾರೆ. ಬಿಸಿತುಪ್ಪ ಆಗಿದೆ ಬೋರ್ಡಣ್ಣ, ನುಂಗಕ್ಕೂ ಆಗಲ್ಲ, ಉಗುಳಕ್ಕೂ ಆಗಲ್ಲ."

"ಹೆಸರು ಬದಲಾಯಿಸಿ" ಎಂದೆ. "ರಾತ್ರೋರಾತ್ರಿ ಮಾಡ್ಕೊಡ್ತೀನಿ, ಬಿಟ್ಟಿಯಾಗಿ."

ಜಾಹೀರಾತಮ್ಮ ನೆಲ ನೋಡುತ್ತ ಮಾತಾಡಿದರು. "ಬದಲಾಯಿಸಕ್ಕೆ ಹೊಸದೊಂದು ಹೆಸರು ಹೇಳಿ ನೋಡಿದ್ವಿ ಸರ್. ಮಕ್ಕಳು ಗಾಡಿಯಿಂದ ಇಳಿಯಲ್ಲ. ನನ್ನ ಮಗಳೇ ಇಳಿಯಲಿಲ್ಲ. ಅವಕ್ಕೆ ಆ ಹೆಸರೇ ಜಾಗ." ಆಮೇಲೆ ತುಸು ತಡೆದು, "ಬಾಬಮ್ಮ ಅನ್ನೋದು ಒಬ್ಬರ ಹೆಸರೇ ಆಗಿರ್ಬೇಕಾಗಿಲ್ಲ. ಒಂದು ಕೆಲಸದ ಹೆಸರು ಅಂದ್ಕೊಳ್ಳೋಣ. ಗೇಟಲ್ಲಿ ನಿಲ್ಲೋರು ಯಾರೇ ಆಗ್ಲಿ, ಅವರು ಬಾಬಮ್ಮ" ಎಂದರು.

ಅವರಿಗೆ ಬೇಕಾಗಿದ್ದದ್ದು ಏಪ್ರನ್ನಿಗೆ ಸಿಕ್ಕಿಸುವ ಒಂದು ಬಿಲ್ಲೆ, ಕಿತ್ತಳೆ ಬಣ್ಣದ ಅದೇ ಗುಂಡಗಿನ ಅಕ್ಷರದಲ್ಲಿ 'ಬಾಬಮ್ಮ' ಎಂದು. ಹೊಸಬರು ನಾಳೆಯಿಂದ ಬರುತ್ತಾರಂತೆ, ಮಕ್ಕಳನ್ನು ನೋಡಿಕೊಳ್ಳುವ ತರಬೇತಿಯ ಪ್ರಮಾಣಪತ್ರ ಇರುವವರು. ನಾನು ಮಾಡಲ್ಲ ಎಂದೆ. ಗಟ್ಟಿಯಾಗಿಯೇ ಎಂದೆ, ಪಕ್ಕದ ಅಂಗಡಿಯವನು ಇಣುಕಿ ನೋಡಿದ. ಮುಂದಿನ ಬೀದಿಯವನು ಅವತ್ತೇ ಸಂಜೆ ಮಾಡಿಕೊಟ್ಟ. ನನ್ನ ಸಿಟ್ಟಿನಿಂದ ಆದದ್ದು ಅಷ್ಟು.

ಮನೆಯಲ್ಲಿ ಚಿಕ್ಕಮ್ಮ ಬೆಳಗಾದರೆ ಏಪ್ರನ್ ಹುಡುಕುತ್ತಿದ್ದಳು. ಇವತ್ತು ರಜೆ ಎಂದು ಹೇಳುತ್ತಿದ್ದೆವು. ಮಾರನೆಯ ದಿನವೂ ರಜೆ. ಮೊದಲು ಸಿಡುಕಿದಳು, ಅತ್ತಳು, ಮಕ್ಕಳು ಕಾಯ್ತಿರ್ತಾವೆ ಬಿಡ್ರೋ ಎಂದು ಬಾಗಿಲು ಬಡಿದಳು. ಅವಳನ್ನು ಹಿಡಿದಿಟ್ಟಿದ್ದ ಆ ಒಂದು ಕೆಲಸ ತಪ್ಪಿದ್ದೇ ಉಳಿದದ್ದೂ ಭರಭರ ಕಳಚಿಕೊಂಡಿತು. ಮಕ್ಕಳ ಹೆಸರು ಹೋಯಿತು, ಟೀಚರ್ ನೆನಪು ಹೋಯಿತು, ಆಮೇಲೆ ಬಾಗಿಲು ಬಡಿಯುವುದೂ ಹೋಯಿತು. ಸುಮ್ಮನೆ ಕಿಟಕಿಯ ಬಳಿ ಕೂತಿರುತ್ತಿದ್ದಳು. ನನ್ನ ಹೆಂಡತಿ "ಈಗ ಪರವಾಗಿಲ್ಲ, ಗಲಾಟೆ ಮಾಡಲ್ಲ" ಎಂದಳು. ನನಗೆ ಗಲಾಟೆಯೇ ಬೇಕಿತ್ತು.

ಹೋದ ತಿಂಗಳು ಒಂದು ಬೆಳಗ್ಗೆ ಹಾಲಿನವನಿಗೆ ತೆರೆದ ಬಾಗಿಲಿನಿಂದ ಚಿಕ್ಕಮ್ಮ ಹೊರಟುಹೋದಳು. ಎಲ್ಲಿಗೆ ಎಂದು ಯೋಚಿಸುವ ಅಗತ್ಯವಿರಲಿಲ್ಲ. ತಲೆ ಮರೆತರೂ ಕಾಲಿಗೆ ದಾರಿ ಗೊತ್ತು. ನಾನು ಓಡಿ ಮೂಲೆ ತಿರುಗುವಷ್ಟರಲ್ಲಿ ಅವಳು ಗೇಟಿನ ಮುಂದೆ ನಿಂತಿದ್ದಳು, ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ. ತಾಯಂದಿರು ಮಕ್ಕಳನ್ನು ಇಳಿಸುವ ಹೊತ್ತು. ನೀಲಿ ಏಪ್ರನ್ನಿನ ಒಬ್ಬ ನಡುವಯಸ್ಸಿನ ಹೆಂಗಸು ನೆಲದ ಮೇಲೆ ಮಂಡಿಯೂರಿ, ಎರಡೂ ಕೈ ಬಿಚ್ಚಿ, "ಬಾ... ಬಾ..." ಎನ್ನುತ್ತಿದ್ದರು. ಯಾರೋ ಸರಿಯಾಗಿಯೇ ಕಲಿಸಿದ್ದರು. ಅಳುತ್ತಿದ್ದ ಒಂದು ಗಂಡು ಕೂಸು ಅಮ್ಮನ ಕೈ ಬಿಟ್ಟು ಹೆಜ್ಜೆ ಹೆಜ್ಜೆಯಾಗಿ ಅವರ ಬಳಿ ಹೋಯಿತು. ಚಿಕ್ಕಮ್ಮನನ್ನು ಯಾವ ಮಗುವೂ ಗುರುತಿಸಲಿಲ್ಲ. ಎರಡು ಮೂರು ವರ್ಷದಲ್ಲಿ ಅವಳ ಕಾಲದ ಮಕ್ಕಳು ಬೆಳೆದು ಬೇರೆ ಬೇರೆ ಶಾಲೆಗೆ ಹೋಗಿದ್ದವು.

ಆ ಹೆಂಗಸು ಎದ್ದು ಚಿಕ್ಕಮ್ಮನನ್ನು ನೋಡಿದರು. ಮುಖದಲ್ಲಿ ಕೆಟ್ಟತನ ಇರಲಿಲ್ಲ.

"ಯಾರನ್ನ ಬಿಡಕ್ಕೆ ಬಂದ್ರಿ ಅಜ್ಜಿ? ಮೊಮ್ಮಗು ಎಲ್ಲಿ?"

ಚಿಕ್ಕಮ್ಮ ಅವರ ಏಪ್ರನ್ ಮುಟ್ಟಿದಳು. "ನೀವು ಯಾರಮ್ಮ?" ಎಂದಳು.

"ನಾನು ಬಾಬಮ್ಮ."

ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ಚಿಕ್ಕಮ್ಮ ಸಿಡಿದೇಳಲಿ, ಅದು ನಾನು ಎನ್ನಲಿ, ಆ ಬಿಲ್ಲೆಯನ್ನು ಕಿತ್ತು ಬಿಸಾಡಲಿ ಎಂದು ನನ್ನ ಒಳಗೆಲ್ಲ ಕೂಗುತ್ತಿತ್ತು. ಅವಳು ಆ ಹೆಂಗಸಿನ ಮುಖವನ್ನು ನಿಧಾನವಾಗಿ ನೋಡಿದಳು. ಅವರಿಗೆ ಬಿಳಿ ಕೂದಲು ಇರಲಿಲ್ಲ, ಆದರೂ ಏನೋ ಸಮಾಧಾನವಾದಂತೆ ಚಿಕ್ಕಮ್ಮನ ಭುಜ ಇಳಿಯಿತು. ಆ ಗೇಟಿನಲ್ಲಿ ಎಷ್ಟೋ ತಾಯಂದಿರ ಭುಜ ಹೀಗೆ ಇಳಿಯುವುದನ್ನು ನಾನು ಕಂಡಿದ್ದೆ. "ಓ, ನೀವಾ," ಎಂದಳು. "ಒಳ್ಳೇದಾಯ್ತು, ಒಳ್ಳೇದಾಯ್ತು."

ಕೈ ಹಿಡಿದು ಮನೆಯ ಕಡೆ ಕರೆದುಕೊಂಡು ಹೊರಟೆ. ಅವಳು ಎರಡು ಸಲ ತಿರುಗಿ ನೋಡಿದಳು. ಔಷಧದ ಅಂಗಡಿ ದಾಟುವಾಗ ನಿಂತು ನನ್ನ ಅಂಗಿಯ ತೋಳು ಹಿಡಿದಳು.

"ಮರಿ, ನನ್ನನ್ನೂ ಅಲ್ಲಿಗೆ ಸೇರಿಸ್ತೀಯಾ?"

"ಯಾಕೆ ಚಿಕ್ಕಮ್ಮ?"

"ಮನೇಲಿ ನಂಗೆ ಹೆದ್ರಿಕೆ ಆಗುತ್ತೆ. ಅಲ್ಲಿ ಬಾಬಮ್ಮ ಇದ್ದಾರೆ. ಅವರು ಯಾರನ್ನೂ ಎಳ್ಕೊಂಡು ಹೋಗಲ್ಲ, ನಾವಾಗೇ ಬರೋವರೆಗೂ ಕಾಯ್ತಾರೆ."

ನಡುಬೀದಿಯಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ನಾನು ಯಾಕೆ ಅಳುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ, ಬೆನ್ನು ಸವರಿದಳು. ಅಲ್ಲಿ ಜಾಗ ಇರುತ್ತದೋ ಇಲ್ಲವೋ ಕೇಳು ಎಂದಳು. ಕೇಳುತ್ತೇನೆ ಎಂದೆ.